ಸೋಮವಾರದ ತೂಕ

ತೂಕದ ಯಂತ್ರ ತೋರಿಸುವುದು ದೇಹದ ಒಟ್ಟು ತೂಕವನ್ನು ಮಾತ್ರ. ಆ ಒಟ್ಟಿನಲ್ಲಿ ಮೂಳೆ, ಸ್ನಾಯು, ಕೊಬ್ಬು ಇರುವಂತೆಯೇ ಬೆಳಿಗ್ಗೆ ತಿಂದ ಇಡ್ಲಿ, ಕುಡಿದ ನೀರು, ಉಟ್ಟ ಸೀರೆಯೂ ಇರುತ್ತವೆ. ಕೊಬ್ಬು ಕರಗುವುದು ದಿನಕ್ಕೆ ಹತ್ತಿಪ್ಪತ್ತು ಗ್ರಾಂ, ಹೆಚ್ಚೆಂದರೆ ನೂರು ಗ್ರಾಂ ಲೆಕ್ಕದಲ್ಲಿ. ನೀರು ಏರಿಳಿಯುವುದು ಅರ್ಧ ಕಿಲೊ, ಒಂದು ಕಿಲೊ ಲೆಕ್ಕದಲ್ಲಿ. ವಾರಕ್ಕೊಮ್ಮೆ ತೂಗಿ ಯಾರು ಹೆಚ್ಚು ಇಳಿದರು ಎಂದು ನೋಡುವ ಪಂದ್ಯದ ತೊಡಕೆಲ್ಲ ಈ ವ್ಯತ್ಯಾಸದಲ್ಲಿದೆ.

ತಲಕಾಡಿನಿಂದ ದಿನಾ ಬಸ್ಸಿನಲ್ಲಿ ತಿ. ನರಸೀಪುರದ ಕಚೇರಿಗೆ ಬರುವ ಇಬ್ಬರು ಗೆಳತಿಯರು ಇಂಥ ಪಂದ್ಯ ಕಟ್ಟಿಕೊಂಡರು ಎಂದಿಟ್ಟುಕೊಳ್ಳಬಹುದು. ಹಿರಿಯಾಕೆ ಎಫ್‌ಡಿಎ, ವಯಸ್ಸು ಐವತ್ತು ದಾಟಿದೆ, ಮುಟ್ಟು ನಿಂತಿದೆ. ಕಿರಿಯಾಕೆ ಕಂಪ್ಯೂಟರ್ ಆಪರೇಟರ್, ಮೂವತ್ತರ ಆಸುಪಾಸು. ರೆಕಾರ್ಡ್ ರೂಮಿನ ಮೂಲೆಯಲ್ಲೊಂದು ಡಿಜಿಟಲ್ ತೂಕದ ಯಂತ್ರ ಇಟ್ಟು, ಪ್ರತಿ ಸೋಮವಾರ ಹಾಜರಿ ಹಾಕಿದ ಮೇಲೆ ಇಬ್ಬರೂ ಅದರ ಮೇಲೆ ನಿಲ್ಲುವುದು, ಹೆಚ್ಚು ಇಳಿದವರು ಗೆದ್ದಂತೆ ಎಂಬುದು ನಿಯಮ. ಐದು ಸೋಮವಾರಗಳಲ್ಲಿ ಹಿರಿಯಾಕೆಯ ತೂಕ 72.0, 70.4, 70.1, 70.9, 69.8 ಕಿಲೊ. ಕಿರಿಯಾಕೆಯದು 63.2, 62.9, 62.5, 63.8, 62.2.

ಮೊದಲ ವಾರವೇ ಹಿರಿಯಾಕೆ 1.6 ಕಿಲೊ ಇಳಿದದ್ದು ಕಚೇರಿಯಲ್ಲಿ ಸುದ್ದಿಯಾಗುವಂಥದ್ದೇ. ಇದಷ್ಟೂ ಕೊಬ್ಬೇ ಆಗಿದ್ದರೆ ಏನಾಗಬೇಕಿತ್ತು ಎಂದು ಲೆಕ್ಕ ಹಾಕಬಹುದು. ದೇಹದಲ್ಲಿ ಶೇಖರವಾದ ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕಿಲೊಕ್ಯಾಲೊರಿ ಇರುತ್ತದೆ. 1.6 ಕಿಲೊ ಕರಗಲು 12,320, ಅಂದರೆ ದಿನಕ್ಕೆ 1,760 ಕಿಲೊಕ್ಯಾಲೊರಿಯ ಕೊರತೆ ಬೀಳಬೇಕು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಈ ವಯಸ್ಸಿನ ಹೆಂಗಸಿನ ದಿನದ ಒಟ್ಟು ಖರ್ಚೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ವಾರವಿಡೀ ಏನನ್ನೂ ತಿನ್ನದಿದ್ದರೆ ಮಾತ್ರ ಇದು ಸಾಧ್ಯ. ಆಕೆ ನಿಜವಾಗಿ ಬಿಟ್ಟದ್ದು ಮೂರು ಟೀಗಳ ಆರು ಚಮಚ ಸಕ್ಕರೆ, ಸಂಜೆಯ ವಡೆ, ರಾತ್ರಿ ಮುದ್ದೆಯ ಜೊತೆಗೆ ಉಣ್ಣುತ್ತಿದ್ದ ಒಂದು ಬಟ್ಟಲು ಅನ್ನ. ಎಲ್ಲ ಸೇರಿ ದಿನಕ್ಕೆ ಸುಮಾರು 450 ಕಿಲೊಕ್ಯಾಲೊರಿ. ವಾರಕ್ಕೆ ಅದರಿಂದ ಕರಗುವ ಕೊಬ್ಬು 400 ಗ್ರಾಂ.

ಉಳಿದ 1.2 ಕಿಲೊದಲ್ಲಿ ಹೆಚ್ಚಿನದು ನೀರು. ಅನ್ನ, ಮುದ್ದೆ, ಸಕ್ಕರೆಯಿಂದ ಬಂದ ಗ್ಲೂಕೋಸಿನಲ್ಲಿ ಒಂದು ಪಾಲನ್ನು ದೇಹ ಗ್ಲೈಕೋಜನ್ ರೂಪದಲ್ಲಿ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಡುತ್ತದೆ. ಒಟ್ಟು ದಾಸ್ತಾನು ನಾಲ್ಕೈದು ನೂರು ಗ್ರಾಂ. ಒಂದು ಗ್ರಾಂ ಗ್ಲೈಕೋಜನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆಯಾದಾಗ ಮೊದಲು ಖರ್ಚಾಗುವುದು ಈ ದಾಸ್ತಾನೇ. 200 ಗ್ರಾಂ ಗ್ಲೈಕೋಜನ್ ಹೋದರೆ ಜೊತೆಗೆ 600 ಗ್ರಾಂ ನೀರೂ ಮೂತ್ರವಾಗಿ ಹೋಗುತ್ತದೆ. ಅಲ್ಲಿಗೆ 800 ಗ್ರಾಂ ಲೆಕ್ಕ ಸಿಕ್ಕಿತು. ಮಿಕ್ಕದ್ದು ಕರುಳಿನಲ್ಲಿರುವ ಆಹಾರ ತುಸು ಕಡಿಮೆಯಾದದ್ದು, ಉಪ್ಪು ಕಡಿಮೆಯಾದದ್ದು. ಯಾವುದೇ ಪಥ್ಯದ ಮೊದಲ ವಾರ ಬೆರಗು ಹುಟ್ಟಿಸಿ, ಎರಡನೆಯ ವಾರ ನಿರಾಸೆ ತರುವುದಕ್ಕೆ ಇದೇ ಕಾರಣ. ಎರಡನೆಯ ವಾರ ಕೇವಲ 300 ಗ್ರಾಂ ಇಳಿದಾಗ ಆಕೆಯ ಪ್ರಯತ್ನವೇನೂ ಸಡಿಲವಾಗಿರಲಿಲ್ಲ. ಹೋಗಬೇಕಾದ ನೀರು ಆಗಲೇ ಹೋಗಿಯಾಗಿತ್ತು, ಅಷ್ಟೆ.

ಮೂರನೆಯ ವಾರದ ಕೊನೆಗೆ 800 ಗ್ರಾಂ ಏರಿದ್ದಕ್ಕೆ ಭಾನುವಾರದ ಬೀಗರ ಊಟವನ್ನು ದೂರುವುದು ಸುಲಭ. ಒಂದು ಹೊತ್ತಿನ ಬಾಡೂಟದಿಂದ 800 ಗ್ರಾಂ ಕೊಬ್ಬು ಸೇರಬೇಕಾದರೆ ದಿನದ ಖರ್ಚನ್ನು ಮೀರಿ ಆರು ಸಾವಿರಕ್ಕೂ ಹೆಚ್ಚು ಕಿಲೊಕ್ಯಾಲೊರಿ ಹೊಟ್ಟೆಗೆ ಬೀಳಬೇಕು. ಅದು ಆಗದ ಮಾತು. ಇಲ್ಲಿ ಕೆಲಸ ಮಾಡಿದ್ದು ಉಪ್ಪು. ರಕ್ತದಲ್ಲೂ ಜೀವಕೋಶಗಳ ಹೊರಗಿನ ದ್ರವದಲ್ಲೂ ಲೀಟರಿಗೆ ಸುಮಾರು ಒಂಬತ್ತು ಗ್ರಾಂ ಉಪ್ಪಿನ ಹದವನ್ನು ದೇಹ ಕಾಪಾಡಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಹಾಕುವ ಸಲೈನ್ ಬಾಟಲಿಯ ಹದವೂ ಇದೇ. ಸಾರು, ಫ್ರೈ, ಉಪ್ಪಿನಕಾಯಿ ಎಲ್ಲ ಸೇರಿ ಆರು ಗ್ರಾಂ ಉಪ್ಪು ಹೆಚ್ಚಾಗಿ ಒಳಗೆ ಹೋದರೆ, ಮೂತ್ರಪಿಂಡ ಅದನ್ನು ಹೊರಹಾಕುವವರೆಗೆ ಹದ ಕೆಡದಂತೆ ಆರೂವರೆ ನೂರು ಮಿಲಿಲೀಟರಿನಷ್ಟು ನೀರು ದೇಹದಲ್ಲೇ ನಿಲ್ಲುತ್ತದೆ. ಬಾಯಾರಿಕೆ ಹೆಚ್ಚಾಗುವುದೂ ಉಂಗುರ ಬಿಗಿಯಾಗುವುದೂ ಇದರಿಂದಲೇ. ಒಂದೆರಡು ದಿನದಲ್ಲಿ ಅದು ತಾನಾಗಿ ಇಳಿಯುತ್ತದೆ. ಆದರೆ ಪಂದ್ಯದ ದಿನ ಸೋಮವಾರ. ನೆಂಟರ ಮನೆ, ಜಾತ್ರೆ, ಬಾಡೂಟ ಎಲ್ಲ ಬೀಳುವುದು ಭಾನುವಾರ. ವಾರದ ಏಳು ದಿನಗಳಲ್ಲಿ ತೂಗಲು ಅತಿ ಕೆಟ್ಟ ದಿನವನ್ನೇ ಇವರು ಆರಿಸಿಕೊಂಡಿದ್ದರು.

ಅದೇ ಸೋಮವಾರ ಕಿರಿಯಾಕೆಯೂ 1.3 ಕಿಲೊ ಏರಿದ್ದಳು, ಆದರೆ ಆಕೆ ಬೀಗರ ಊಟಕ್ಕೆ ಹೋಗಿರಲಿಲ್ಲ. ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ಹಾರ್ಮೋನುಗಳ ಏರಿಳಿತದಿಂದ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ. ಹಲವರಲ್ಲಿ ಇದು ಅರ್ಧ ಕಿಲೊದಷ್ಟು, ಕೆಲವರಲ್ಲಿ ಒಂದು ಕಿಲೊವನ್ನೂ ಮೀರುತ್ತದೆ. ಒಂದು ತಿಂಗಳ ಶ್ರದ್ಧೆಯನ್ನು ಮರೆಮಾಚಲು ಇಷ್ಟು ಸಾಕು. ಮುಟ್ಟಾಗುವ ಹೆಂಗಸಿನ ತೂಕವನ್ನು ಕಳೆದ ವಾರದ್ದಕ್ಕೆ ಹೋಲಿಸಬಾರದು, ಕಳೆದ ಚಕ್ರದ ಅದೇ ಹಂತದ್ದಕ್ಕೆ ಹೋಲಿಸಬೇಕು. ಹಾಗೆ ನೋಡಿದರೆ ಮೊದಲ ಸೋಮವಾರಕ್ಕೂ ಐದನೆಯದಕ್ಕೂ ಸರಿಯಾಗಿ 28 ದಿನ. 63.2ರಿಂದ 62.2. ಸಂಜೆಯ ಬೇಕರಿ ಪಫ್ ಬಿಟ್ಟ ಆಕೆ ಸರಾಸರಿ ವಾರಕ್ಕೆ 250 ಗ್ರಾಂನಂತೆ ಇಳಿದಿದ್ದಾಳೆ. ಪಂದ್ಯದ ಪಟ್ಟಿಯಲ್ಲಿ ಮಾತ್ರ ಆಕೆ ಸೋತವಳು.

ಐದನೆಯ ತೂಕದ ದಿನ ಹಿರಿಯಾಕೆ ಸೋಮವಾರದ ಒಪ್ಪತ್ತು ಹಿಡಿದಳು. ವೈದ್ಯೇಶ್ವರನ ಊರಾದ ತಲಕಾಡಿನಲ್ಲಿ ಅದು ಹೊಸದೇನಲ್ಲ. ತಿಂಡಿಯಿಲ್ಲ, ಕಾಫಿಯಿಲ್ಲ. ಜರಿ ಸೀರೆಯ ಬದಲು ತೆಳು ವಾಯಿಲ್ ಸೀರೆ. ಮೂರು ಇಡ್ಲಿ, ಚಟ್ನಿ, ಒಂದು ಲೋಟ ಕಾಫಿ, ಒಂದು ಲೋಟ ನೀರು ಸೇರಿದರೆ ಆರೇಳು ನೂರು ಗ್ರಾಂ. ಹೊಟ್ಟೆ ಸೇರಿದ್ದು ಎಷ್ಟು ಗ್ರಾಂ ಇತ್ತೋ ಅಷ್ಟೇ ಗ್ರಾಂ ಆ ಕ್ಷಣಕ್ಕೆ ಯಂತ್ರದಲ್ಲಿ ಏರುತ್ತದೆ, ಅದರಲ್ಲಿ ಶಕ್ತಿ ಎಷ್ಟಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. “ಅಕ್ಕ, ನೀವು ಇಳಿದಿರೋದಲ್ಲ, ತಿಂಡಿ ಬಿಟ್ಟಿರೋದು” ಎಂದು ಕಿರಿಯಾಕೆ ಅಂದರೆ ಆ ಮಾತು ವೈಜ್ಞಾನಿಕವಾಗಿಯೂ ಸರಿ. ಇಂಥ ಪಂದ್ಯಗಳು ಅಪಾಯದ ಕಡೆ ಹೊರಳುವುದೂ ಇಲ್ಲಿಯೇ. ತೂಗುವ ಹಿಂದಿನ ರಾತ್ರಿಯಿಂದ ನೀರು ಕುಡಿಯದೆ ಇರುವುದು, ಭೇದಿಯಾಗಲೆಂದು ಮಾತ್ರೆ ತೆಗೆದುಕೊಳ್ಳುವುದು ಕೊಬ್ಬನ್ನು ಒಂದು ಗ್ರಾಂ ಕೂಡ ಕರಗಿಸುವುದಿಲ್ಲ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಔಷಧಿ ಮಾಮೂಲಿನಂತೆ ತೆಗೆದುಕೊಂಡು ತಿಂಡಿ ಬಿಟ್ಟರೆ ರಕ್ತದ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ಮಂಕು ಅದರ ಗುರುತು. ಕೂಡಲೇ ಸಕ್ಕರೆ ನೀರು ಕುಡಿಯಬೇಕು, ಪಂದ್ಯವನ್ನು ಅಲ್ಲಿಗೇ ಬಿಡಬೇಕು.

ಯಂತ್ರವನ್ನೂ ಪರೀಕ್ಷಿಸಬೇಕು. ಅದರ ನಾಲ್ಕು ಕಾಲುಗಳಲ್ಲಿ ಲೋಡ್ ಸೆಲ್‌ಗಳಿರುತ್ತವೆ. ಭಾರಕ್ಕೆ ಲೋಹದ ತುಂಡು ಕೂದಲೆಳೆಯಷ್ಟು ಬಾಗುತ್ತದೆ, ಬಾಗಿದಾಗ ಅದಕ್ಕೆ ಅಂಟಿಸಿದ ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯೇ ಅಂಕಿಯಾಗಿ ಕಾಣುತ್ತದೆ. ಹಳೆಯ ಕಚೇರಿಯ ಏರುತಗ್ಗಿನ ಕಲ್ಲುಹಾಸಿನ ಮೇಲೆ ಒಂದು ಕಾಲು ನೆಲ ಮುಟ್ಟದಿದ್ದರೆ ಲೆಕ್ಕ ತಪ್ಪುತ್ತದೆ. ಕಚೇರಿಯಲ್ಲೇ ಸಿಗುವ ತೂಕದ ಕಲ್ಲೆಂದರೆ ಎ4 ಕಾಗದದ ರೀಮು. 75 ಜಿಎಸ್‌ಎಂನ 500 ಹಾಳೆಯ ಒಂದು ರೀಮು 2.34 ಕಿಲೊ. ಬರಿಗೈಯಲ್ಲಿ ಒಮ್ಮೆ, ಎರಡು ರೀಮು ಹಿಡಿದು ಇನ್ನೊಮ್ಮೆ ನಿಂತರೆ ವ್ಯತ್ಯಾಸ 4.7 ಕಿಲೊ ಬರಬೇಕು. ಇನ್ನೊಂದು ಪರೀಕ್ಷೆಯೂ ಇದೆ. ತೂಗಿದ ಮೇಲೆ ಕಾಲು ಲೀಟರ್ ನೀರಿನ ಬಾಟಲಿ ಹಿಡಿದು ಮತ್ತೆ ನಿಂತಾಗ ಹಿಂದಿನ ಅಂಕಿಯೇ ಬಂದರೆ ಯಂತ್ರ ಹಳೆಯದನ್ನು ನೆನಪಿಟ್ಟುಕೊಂಡು ಹೇಳುತ್ತಿದೆ ಎಂದು ಅರ್ಥ. ಹೊಸ ತೂಕ ಹಿಂದಿನದಕ್ಕೆ ತೀರ ಹತ್ತಿರವಿದ್ದರೆ ಹಿಂದಿನದನ್ನೇ ತೋರಿಸುವಂತೆ ಹಲವು ಮನೆಬಳಕೆಯ ಯಂತ್ರಗಳನ್ನು ಮಾಡಿರುತ್ತಾರೆ. ನಡುವೆ ರೀಮು ಹಿಡಿದು ಒಮ್ಮೆ ತೂಗಿದರೆ ಆ ನೆನಪು ಅಳಿಯುತ್ತದೆ.

ಈ ಗೊಂದಲದಿಂದ ಹೊರಬರುವ ದಾರಿ ಸರಳ. ಮನೆಯಲ್ಲಿ, ಬೆಳಿಗ್ಗೆ ಶೌಚ ಮುಗಿಸಿ, ಏನನ್ನೂ ಕುಡಿಯುವ ಮೊದಲು ದಿನವೂ ತೂಗಿ ಏಳು ದಿನದ ಸರಾಸರಿ ತೆಗೆಯುವುದು. ಹಿರಿಯಾಕೆ ಹಾಗೆ ತೂಗಿದಳು ಎನ್ನೋಣ. ಸೋಮವಾರದಿಂದ ಭಾನುವಾರದವರೆಗೆ ಮೊದಲ ವಾರ 70.6, 70.2, 69.9, 70.3, 70.8, 70.1, 69.9. ಮುಂದಿನ ವಾರ 70.1, 69.6, 69.9, 70.4, 69.7, 69.5, 69.9. ಬುಧವಾರವನ್ನು ಬುಧವಾರಕ್ಕೆ ಹೋಲಿಸಿದರೆ ಏನೂ ಇಳಿದಿಲ್ಲ. ಗುರುವಾರಕ್ಕೆ ಗುರುವಾರ 100 ಗ್ರಾಂ ಏರಿದೆ. ಶುಕ್ರವಾರದ ಲೆಕ್ಕದಲ್ಲಿ 1.1 ಕಿಲೊ ಇಳಿದಿದೆ. ಒಂದೇ ದೇಹ, ಅದೇ ಎರಡು ವಾರ, ಮೂರು ತೀರ್ಪು. ಸರಾಸರಿ ಮಾತ್ರ 70.3ರಿಂದ 69.9ಕ್ಕೆ, ಅಂದರೆ 400 ಗ್ರಾಂ ಇಳಿದಿದೆ ಎನ್ನುತ್ತದೆ. ಟೀ, ವಡೆ, ಅನ್ನದ ಲೆಕ್ಕ ಹೇಳಿದ್ದೂ ಅಷ್ಟನ್ನೇ. ದಿನದಿನದ ಏರಿಳಿತಗಳು ಒಂದನ್ನೊಂದು ಬಹುಮಟ್ಟಿಗೆ ಹೊಡೆದುಹಾಕುವುದರಿಂದ ಏಳರ ಸರಾಸರಿಯಲ್ಲಿ ತಪ್ಪಿನ ಪ್ರಮಾಣ ಒಂದೇ ತೂಕದಲ್ಲಿರುವುದರ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಇಷ್ಟಾದರೂ ಇಳಿದದ್ದು ಕೊಬ್ಬೋ ಸ್ನಾಯುವೋ, ಉಳಿದ ಕೊಬ್ಬು ಎಲ್ಲಿದೆ ಎಂಬುದನ್ನು ಸರಾಸರಿಯೂ ಹೇಳದು. ಈ ಸೀಮೆಯವರಿಗೆ ಆ ಪ್ರಶ್ನೆಯೇ ದೊಡ್ಡದು, ಅದಕ್ಕೆ ಸಾಕ್ಷಿ ಹತ್ತಿರದ ಮೈಸೂರಿನಲ್ಲೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟುಕೊಂಡು ಬಂದಿತ್ತು. ಆ ಕಡತಗಳ ಜಾಡು ಹಿಡಿದು, ದೊಡ್ಡವರಾದ ಅದೇ ಜನರನ್ನು ಹುಡುಕಿ ಪರೀಕ್ಷಿಸಿದ ಸಂಶೋಧನೆ 1996ರಲ್ಲಿ ಪ್ರಕಟವಾಯಿತು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಂಡುಬಂದಿತ್ತು. 1997-98ರಲ್ಲಿ ಅಲ್ಲಿ ಹುಟ್ಟಿದ ಮಕ್ಕಳನ್ನು ಅಳೆದಾಗ, ಅವರು ಬ್ರಿಟನ್ನಿನ ಮಕ್ಕಳಿಗಿಂತ ತೂಕದಲ್ಲಿ ಚಿಕ್ಕವರಾದರೂ ಬೆನ್ನಿನ ಚರ್ಮದಡಿಯ ಕೊಬ್ಬು ಅದಕ್ಕೆ ತಕ್ಕಂತೆ ಕಡಿಮೆ ಇರಲಿಲ್ಲ. ಸಣ್ಣಗೆ ಕಂಡರೂ ಕೊಬ್ಬು ಕಡಿಮೆಯಿಲ್ಲದ ಈ ಮೈಕಟ್ಟು ಹುಟ್ಟಿನಿಂದಲೇ ಬರಬಹುದು. ಹಾಗಾಗಿ 62 ಕಿಲೊದ ಕಿರಿಯಾಕೆ 70 ಕಿಲೊದ ಹಿರಿಯಾಕೆಗಿಂತ ಸುರಕ್ಷಿತ ಎಂದು ತೂಕ ನೋಡಿ ಹೇಳಲಾಗದು.

ಅದನ್ನು ಹೇಳಲು ತಕ್ಕಮಟ್ಟಿಗೆ ನೆರವಾಗುವುದು ದರ್ಜಿಯ ಟೇಪು. ಕೊನೆಯ ಪಕ್ಕೆಲುಬಿನ ಕೆಳಅಂಚು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯೆ, ಬಟ್ಟೆ ಸರಿಸಿ, ಹೊಟ್ಟೆ ಎಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟ ಕ್ಷಣದಲ್ಲಿ ಅಳೆಯಬೇಕು. ಭಾರತೀಯ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿದೆ ಎಂದು ಎಣಿಸುತ್ತಾರೆ. ಟೇಪು ಒಂದೆರಡು ಸೆಂಟಿಮೀಟರ್ ಆಚೀಚೆ ಹೋಗುವುದು ಸಾಮಾನ್ಯವಾದ್ದರಿಂದ ಇದನ್ನು ವಾರವಾರ ಅಳೆದು ಪ್ರಯೋಜನವಿಲ್ಲ. ತಿಂಗಳಿಗೊಮ್ಮೆ, ಅದೇ ಕೈಯಿಂದ ಎರಡು ಸಲ ಅಳೆದು ಸರಾಸರಿ ಬರೆದಿಟ್ಟರೆ ಸಾಕು.