ಐದು ಗೆರೆ, ಮೂರು ಲೆಕ್ಕ

ಆರ್ಡುಯಿನೊ ಕಲಿಯಲು ಕೊಳ್ಳುವ ಆರಂಭಿಕ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಎರಡು ಬೆಲೆಯ ರೆಸಿಸ್ಟರ್‌ಗಳು ಇದ್ದೇ ಇರುತ್ತವೆ. 220 ಓಮಿನದು ಎಲ್‌ಇಡಿಗೆ, 10 ಕಿಲೊಓಮಿನದು ಒತ್ತುವ ಬಟನ್‌ಗೆ. ಈಗಿನ ಕಿಟ್‌ಗಳಲ್ಲಿ ಹೆಚ್ಚಾಗಿ ಎರಡಕ್ಕೂ ಒಂದೇ ತಿಳಿನೀಲಿ ಮೈ, ಒಂದೇ ಗಾತ್ರ, ಐದೈದು ಗೆರೆ. ಡಬ್ಬಿಯಲ್ಲಿ ಬೆರೆತುಹೋದ ಮೇಲೆ ಒಂದನ್ನು ಕೈಗೆತ್ತಿಕೊಂಡು, ಫೋನಿನಲ್ಲಿ ಫೋಟೊ ಹೊಡೆದು, ಗೊತ್ತಿರುವವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ‘ಸರ್, ಇದು ಎಷ್ಟರದ್ದು?’ ಎಂದು ಕೇಳುವುದು ಹವ್ಯಾಸಿಗಳಲ್ಲಿ ಸಾಮಾನ್ಯ. ಸುಲಭದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಕಿಟ್‌ನ ಈ ಎರಡು ರೆಸಿಸ್ಟರ್‌ಗಳೇ ಫೋಟೊದಲ್ಲಿ ಒಂದನ್ನೊಂದು ಹೋಲುವಷ್ಟು ಬೇರೆ ಯಾವ ಜೋಡಿಯೂ ಸುಲಭವಾಗಿ ಸಿಗಲಾರದು.

ಮೊದಲು ಲೆಕ್ಕ ತಿಳಿದುಕೊಳ್ಳೋಣ. ಪ್ರತಿ ಬಣ್ಣಕ್ಕೂ ಒಂದು ಅಂಕಿ. ಕಪ್ಪು 0, ಕಂದು 1. ಅಲ್ಲಿಂದ ಮುಂದೆ ಕಾಮನಬಿಲ್ಲಿನ ಕ್ರಮ: ಕೆಂಪು 2, ಕಿತ್ತಳೆ 3, ಹಳದಿ 4, ಹಸಿರು 5, ನೀಲಿ 6, ನೇರಳೆ 7. ಕೊನೆಗೆ ಬೂದು 8, ಬಿಳಿ 9. ಐದು ಗೆರೆಯ ರೆಸಿಸ್ಟರ್‌ನಲ್ಲಿ ಮೊದಲ ಮೂರು ಗೆರೆ ಮೂರು ಅಂಕಿಗಳನ್ನು ಕೊಡುತ್ತವೆ. ನಾಲ್ಕನೆಯದು, ಅವುಗಳ ಮುಂದೆ ಎಷ್ಟು ಸೊನ್ನೆ ಹಾಕಬೇಕು ಎಂಬುದನ್ನು ಹೇಳುತ್ತದೆ. ಐದನೆಯದು ಟಾಲರೆನ್ಸ್, ಅಂದರೆ ಬರೆದ ಬೆಲೆಗಿಂತ ನಿಜವಾದ ಬೆಲೆ ಶೇಕಡಾ ಎಷ್ಟು ಆಚೀಚೆ ಇರಬಹುದು ಎಂಬುದು. ಕಂದು ಇದ್ದರೆ ಶೇ 1, ಕೆಂಪು ಇದ್ದರೆ ಶೇ 2. ಹಳೆಯ ರೇಡಿಯೊಗಳಲ್ಲೂ ಅಗ್ಗದ ಬೋರ್ಡುಗಳಲ್ಲೂ ಸಿಗುವ ಮಣ್ಣುಬಣ್ಣದ ನಾಲ್ಕು ಗೆರೆಯ ರೆಸಿಸ್ಟರ್‌ಗಳಲ್ಲಿ ಅಂಕಿಯ ಗೆರೆ ಎರಡೇ, ಕೊನೆಯದು ಬಹುಪಾಲು ಚಿನ್ನದ ಬಣ್ಣ, ಅಂದರೆ ಶೇ 5.

ಈ ಲೆಕ್ಕದ ಪ್ರಕಾರ 10 ಕಿಲೊಓಮಿನ ಗೆರೆಗಳು ಕಂದು, ಕಪ್ಪು, ಕಪ್ಪು, ಕೆಂಪು, ಕಂದು. ಮೊದಲ ಮೂರರಿಂದ 100, ಕೆಂಪಿನಿಂದ ಎರಡು ಸೊನ್ನೆ, ಒಟ್ಟು 10,000. ಕೊನೆಯ ಕಂದು ಶೇ 1. 220 ಓಮಿನ ಗೆರೆಗಳು ಕೆಂಪು, ಕೆಂಪು, ಕಪ್ಪು, ಕಪ್ಪು, ಕಂದು. ಮೂರು ಗೆರೆಯಿಂದ 220, ನಾಲ್ಕನೆಯ ಕಪ್ಪಿಗೆ ಸೊನ್ನೆಯೇ ಇಲ್ಲ, ಹಾಗಾಗಿ 220 ಓಮ್, ಶೇ 1.

ಈಗ ಆ 220 ಓಮಿನದನ್ನು ತಿರುಗಿಸಿ ಹಿಡಿಯಿರಿ. ಎಡದಿಂದ ಓದಿದರೆ ಕಂದು, ಕಪ್ಪು, ಕಪ್ಪು, ಕೆಂಪು, ಕೆಂಪು. ಲೆಕ್ಕ ಹಾಕಿದರೆ 10 ಕಿಲೊಓಮ್, ಶೇ 2! ನಿಜವಾದ 10 ಕಿಲೊಓಮಿಗೂ ತಲೆಕೆಳಗಾದ 220 ಓಮಿಗೂ ಮೊದಲ ನಾಲ್ಕು ಗೆರೆ ಒಂದೇ. ವ್ಯತ್ಯಾಸ ಕೊನೆಯ ಗೆರೆಯಲ್ಲಿ ಮಾತ್ರ, ಅದೂ ಕಂದೋ ಕೆಂಪೋ ಎಂಬುದರಲ್ಲಿ. ಫೋನಿನ ಕ್ಯಾಮೆರಾ ಹೆಚ್ಚಾಗಿ ಎಡವುವುದು ಇದೇ ಎರಡು ಬಣ್ಣಗಳ ನಡುವೆ. ಇಷ್ಟು ಸಾಲದೆಂಬಂತೆ, ನಿಜವಾದ 10 ಕಿಲೊಓಮಿನದನ್ನು ತಿರುಗಿಸಿ ಓದಿದರೆ ಕಂದು, ಕೆಂಪು, ಕಪ್ಪು, ಕಪ್ಪು, ಕಂದು ಎಂದಾಗಿ 120 ಓಮ್, ಶೇ 1 ಎಂಬ ಮೂರನೆಯ ಉತ್ತರ ಬರುತ್ತದೆ. ಆ ಬೆಲೆಯ ರೆಸಿಸ್ಟರ್ ಕೂಡ ಅಂಗಡಿಯಲ್ಲಿ ಸಿಗುತ್ತದೆ.

ಹಾಗಾದರೆ ಓದಬೇಕಾದ್ದು ಯಾವ ಕಡೆಯಿಂದ? ಪುಸ್ತಕದ ಉತ್ತರ ಸರಳ: ಟಾಲರೆನ್ಸ್ ಗೆರೆ ಉಳಿದವುಗಳಿಂದ ಸ್ವಲ್ಪ ದೂರದಲ್ಲಿ ಇರುತ್ತದೆ ಅಥವಾ ಸ್ವಲ್ಪ ಅಗಲವಾಗಿರುತ್ತದೆ, ಅದನ್ನು ಬಲಕ್ಕಿಟ್ಟು ಓದಿ. ಚಿನ್ನ ಅಥವಾ ಬೆಳ್ಳಿ ಬಣ್ಣ ತುದಿಯಲ್ಲಿದ್ದರೆ ಅನುಮಾನವೇ ಇಲ್ಲ, ಅವುಗಳಿಗೆ ಅಂಕಿ ಇಲ್ಲವಾದ್ದರಿಂದ ಅವು ಮೊದಲ ಗೆರೆಯಾಗಲು ಸಾಧ್ಯವಿಲ್ಲ. ಆದರೆ ಐದು ಗೆರೆಯ ಅಗ್ಗದ ರೆಸಿಸ್ಟರ್‌ಗಳಲ್ಲಿ ಗೆರೆಗಳ ನಡುವಿನ ಅಂತರ ಕಣ್ಣಿಗೆ ಸಮವಾಗಿಯೇ ಕಾಣುತ್ತದೆ. ಸುಮಾರು 6 ಮಿಲಿಮೀಟರ್ ಉದ್ದದ ಮೈಮೇಲೆ ಐದು ಗೆರೆ ಕೂರಬೇಕಲ್ಲ. ಓರೆಯಾಗಿ ತೆಗೆದ ಫೋಟೊದಲ್ಲಂತೂ ದೂರದ ತುದಿಯ ಅಂತರ ಇನ್ನೂ ಕುಗ್ಗಿ, ಇದ್ದ ಸುಳಿವೂ ಹೋಗುತ್ತದೆ. ರೆಸಿಸ್ಟರಿನ ನೆತ್ತಿಯ ಮೇಲೆ ಫೋನನ್ನು ನೇರವಾಗಿ ಹಿಡಿದು ತೆಗೆದ ಫೋಟೊದಲ್ಲಿ ಮಾತ್ರ ಅಂತರವನ್ನು ನಂಬಬಹುದು.

ಅಂತರದಿಂದ ಗೊತ್ತಾಗದಿದ್ದರೆ ಉತ್ತರವನ್ನೇ ಅನುಮಾನಿಸಿ ನೋಡಬೇಕು. ಶೇ 2ರ ರೆಸಿಸ್ಟರ್‌ಗಳು ಇಂದಿನ ಕಿಟ್‌ಗಳಲ್ಲಿ ಬಲು ಅಪರೂಪ. ಆದ್ದರಿಂದ ‘10 ಕಿಲೊಓಮ್, ಶೇ 2’ ಎಂಬ ಉತ್ತರ ಬಂದ ಕೂಡಲೇ ಅದು ತಿರುಗಿ ಮಲಗಿದ 220 ಓಮ್ ಎಂದು ಶಂಕಿಸುವುದು ಜಾಣತನ. ಹಾಗೆಯೇ ಕಿಟ್‌ನ ಪಟ್ಟಿಯಲ್ಲಿ 120 ಓಮ್ ಎಂಬುದೇ ಇಲ್ಲದಿದ್ದರೆ ಆ ಉತ್ತರವನ್ನು ಕೈಬಿಡಬಹುದು.

ಬಣ್ಣದ ಮಾತಿಗೆ ಬರೋಣ. ಕಂದು ಎಂಬುದು ಬೆಳಕಿನ ಲೆಕ್ಕದಲ್ಲಿ ಮಬ್ಬಾದ ಕಿತ್ತಳೆಯೇ. ಬೆಳಕು ಕಡಿಮೆಯಾದರೆ ಕಿತ್ತಳೆ ಕಂದಾಗುತ್ತದೆ, ಕೆಂಪೂ ಕಂದಿನತ್ತ ಸರಿಯುತ್ತದೆ. ಹಳದಿ ಬಲ್ಬಿನ ಕೆಳಗೆ ನೇರಳೆ ಬೂದಿನಂತೆ ಕಾಣಬಹುದು, ಚಿನ್ನದ ಗೆರೆ ಸಾಸಿವೆ ಬಣ್ಣಕ್ಕೆ ತಿರುಗಿ ಹಳದಿಯೆಂಬ ಭ್ರಮೆ ಹುಟ್ಟಿಸುತ್ತದೆ. ಮೇಲಾಗಿ ಕ್ಯಾಮೆರಾ ತನ್ನಷ್ಟಕ್ಕೆ ತಾನೇ ‘ಬಿಳಿ ಯಾವುದು’ ಎಂದು ಊಹಿಸಿ ಎಲ್ಲ ಬಣ್ಣಗಳನ್ನೂ ತಿದ್ದುತ್ತದೆ. ನೀಲಿ ಮೈಯ ರೆಸಿಸ್ಟರ್ ಚಿತ್ರದ ತುಂಬ ಹರಡಿಕೊಂಡಿದ್ದರೆ ಆ ಊಹೆ ಇನ್ನಷ್ಟು ತಪ್ಪುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಾಗ ಆಗುವ ನಷ್ಟ ಬಹಳ ಜನಕ್ಕೆ ಗೊತ್ತಿಲ್ಲ. ಚಿತ್ರವನ್ನು ಜೆಪಿಇಜಿ ರೂಪದಲ್ಲಿ ಕುಗ್ಗಿಸುವಾಗ ಬೆಳಕು-ನೆರಳಿನ ವಿವರವನ್ನು ಹೆಚ್ಚು ಉಳಿಸಿಕೊಂಡು, ಬಣ್ಣದ ವಿವರವನ್ನು ಸಾಮಾನ್ಯವಾಗಿ ಉದ್ದಕ್ಕೂ ಅಗಲಕ್ಕೂ ಅರ್ಧಕ್ಕಿಳಿಸುತ್ತಾರೆ. ಮನುಷ್ಯರ ಮುಖಕ್ಕೆ, ಊಟದ ತಟ್ಟೆಗೆ ಇದರಿಂದ ಏನೂ ತೊಂದರೆಯಿಲ್ಲ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ ದೂರದಿಂದ ತೆಗೆದ ಫೋಟೊದಲ್ಲಿ ಒಂದು ಗೆರೆಯ ಅಗಲ ನಾಲ್ಕೈದು ಪಿಕ್ಸೆಲ್ ಅಷ್ಟೇ ಇದ್ದರೆ, ಕೆಂಪಿನೊಳಕ್ಕೆ ಪಕ್ಕದ ನೀಲಿ ಸೋರಿ ಅದು ಕಂದೋ ನೇರಳೆಯೋ ಆಗಿಬಿಡುತ್ತದೆ. ಆಮೇಲೆ ಎಷ್ಟು ಹಿಗ್ಗಿಸಿ ನೋಡಿದರೂ ಹೋದ ಬಣ್ಣ ಮರಳಿ ಬರುವುದಿಲ್ಲ. ಹತ್ತಿರದಿಂದ ತೆಗೆದು, ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಚಿತ್ರ ಮತ್ತೆ ಕುಗ್ಗದೆ ಇದ್ದಂತೆಯೇ ತಲುಪುತ್ತದೆ.

ಬೆಳಕಿಗೆ ಮದ್ದು ಕಿಟಕಿ. ನೇರ ಬಿಸಿಲು ಬೀಳದ ಕಡೆ, ಬಿಳಿ ಹಾಳೆಯ ಮೇಲೆ ರೆಸಿಸ್ಟರ್ ಇಟ್ಟು, ಫ್ಲ್ಯಾಶ್ ಆರಿಸಿ ತೆಗೆಯಿರಿ. ಹಾಳೆ ಫೋಟೊದಲ್ಲೂ ಬಿಳಿಯಾಗಿಯೇ ಬಂದಿದ್ದರೆ ಬಣ್ಣಗಳನ್ನು ನಂಬಬಹುದು. ಇದಕ್ಕಿಂತ ಒಳ್ಳೆಯ ಉಪಾಯ, ಬೆಲೆ ಗೊತ್ತಿರುವ ಇನ್ನೊಂದು ರೆಸಿಸ್ಟರನ್ನು ಪಕ್ಕದಲ್ಲೇ ಇಡುವುದು. ಆಗ ‘ಇದು ಕೆಂಪೇ?’ ಎಂದು ಯೋಚಿಸುವ ಗೊಡವೆಯಿಲ್ಲ, ಅದೇ ಫೋಟೊದಲ್ಲಿರುವ ಖಚಿತ ಕೆಂಪಿನ ಜೊತೆ ಹೋಲಿಸಿದರೆ ಸಾಕು. ಕೆಂಪು-ಹಸಿರು ಬಣ್ಣಗುರುಡು ಇರುವವರು ಮಾತ್ರ ಈ ಎಲ್ಲ ಕಸರತ್ತು ಬಿಟ್ಟು ನೇರವಾಗಿ ಮೀಟರ್ ಹಿಡಿಯುವುದು ಮೇಲು.

ಬಣ್ಣ ಅನುಮಾನವಾಗಿದ್ದರೂ ಕೆಲವೊಮ್ಮೆ ಲೆಕ್ಕವೇ ಕೈ ಹಿಡಿಯುತ್ತದೆ. ರೆಸಿಸ್ಟರ್‌ಗಳನ್ನು ಮನಬಂದ ಬೆಲೆಗಳಲ್ಲಿ ತಯಾರಿಸುವುದಿಲ್ಲ. ಶೇ 5ರ ಸರಣಿಯಲ್ಲಿ 10ರಿಂದ 100ರೊಳಗೆ ಇರುವುದು 24 ಬೆಲೆಗಳು ಮಾತ್ರ: 10, 11, 12, 13, 15, 16, 18, 20, 22, 24, 27, 30, 33, ಹೀಗೆ 91ರವರೆಗೆ. ಒಂದು ಬೆಲೆಯ ಆಚೀಚೆಯ ವ್ಯತ್ಯಾಸ ಹೆಚ್ಚುಕಡಿಮೆ ಮುಂದಿನ ಬೆಲೆಯ ವ್ಯತ್ಯಾಸವನ್ನು ಮುಟ್ಟುವುದರಿಂದ ನಡುವಿನವುಗಳ ಅಗತ್ಯವೇ ಇಲ್ಲ. ಈಗ ಹಳೆಯ ಬೋರ್ಡಿನ ನಾಲ್ಕು ಗೆರೆಯ ರೆಸಿಸ್ಟರ್ ಒಂದರಲ್ಲಿ ಎರಡನೆಯ ಗೆರೆ ಸ್ಪಷ್ಟವಾಗಿ ನೇರಳೆ, ಮೊದಲನೆಯದು ಕಂದೋ ಕೆಂಪೋ ಕಿತ್ತಳೆಯೋ ತಿಳಿಯುತ್ತಿಲ್ಲ ಎನ್ನಿ. ಸಾಧ್ಯತೆಗಳು 17, 27, 37. ಸರಣಿಯಲ್ಲಿ ಇರುವುದು 27 ಒಂದೇ. ಗೆರೆ ಕೆಂಪು, ತೀರ್ಮಾನವಾಯಿತು. ಎರಡನೆಯ ಗೆರೆಯೂ ಕೆಂಪಾಗಿದ್ದರೆ ಈ ಉಪಾಯ ನಡೆಯದು, 12 ಮತ್ತು 22 ಎರಡೂ ಸರಣಿಯಲ್ಲಿವೆ. ನಮ್ಮ ಕಿಟ್‌ನ ಗೊಂದಲವನ್ನೂ ಇದು ಬಿಡಿಸದು, 100, 120, 220 ಮೂರೂ ಮಾನ್ಯ ಬೆಲೆಗಳೇ.

ಅದಲುಬದಲಾದರೆ ಆಗುವುದೇನು? 5 ವೋಲ್ಟಿನಲ್ಲಿ ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ಬಳಸಿಕೊಂಡರೆ ರೆಸಿಸ್ಟರಿಗೆ ಉಳಿಯುವುದು 3 ವೋಲ್ಟ್. 220 ಓಮ್ ಇದ್ದರೆ ಹರಿಯುವುದು ಸುಮಾರು 13.6 ಮಿಲಿಆಂಪ್, ದೀಪ ಚೆನ್ನಾಗಿ ಬೆಳಗುತ್ತದೆ. 10 ಕಿಲೊಓಮ್ ಇದ್ದರೆ 0.3 ಮಿಲಿಆಂಪ್, ದೀಪ ಮಿಣಮಿಣ. ಹಾಗಾಗಿ ಈ ತಪ್ಪು ಕೂಡಲೇ ಕಾಣುತ್ತದೆ. ಬಟನ್‌ನ ಕಡೆ ಹಾಗಲ್ಲ. ಅಲ್ಲಿ 10 ಕಿಲೊಓಮಿನ ಬದಲು 220 ಓಮ್ ಹಾಕಿದರೂ ಬಟನ್ ಕೆಲಸ ಮಾಡುತ್ತಲೇ ಇರುತ್ತದೆ. ಒತ್ತಿದಾಗಲೆಲ್ಲ ಅರ್ಧ ಮಿಲಿಆಂಪ್ ಹರಿಯಬೇಕಾದಲ್ಲಿ ಸುಮಾರು 23 ಮಿಲಿಆಂಪ್ ಹರಿದು ಬ್ಯಾಟರಿ ಸುಮ್ಮನೆ ಸೋರುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಕೊನೆಯ ತೀರ್ಪು ಮಲ್ಟಿಮೀಟರಿನದು. 10 ಕಿಲೊಓಮಿನ ಶೇ 1 ಎಂದರೆ 100 ಓಮ್, ಹಾಗಾಗಿ ನಿಜವಾದ ಬೆಲೆ 9,900 ಮತ್ತು 10,100 ಓಮಿನ ನಡುವೆ ಇರಬೇಕು. 220 ಓಮಿಗೆ ಈ ಮಿತಿ 217.8ರಿಂದ 222.2. ಕೈಯಿಂದ ತಿರುಗಿಸುವ ಅಗ್ಗದ ಮೀಟರಿನಲ್ಲಿ 10 ಕಿಲೊಓಮಿಗೆ 20k, 220 ಓಮಿಗೆ 2000 ಎಂಬ ರೇಂಜ್ ಇಡಿ. 200ರಲ್ಲಿ ಇಟ್ಟು 220 ಓಮ್ ಅಳೆದರೆ ಎಡಬದಿಯಲ್ಲಿ ಬರೀ 1 ಎಂದು ಕಾಣಿಸಿ, ರೆಸಿಸ್ಟರೇ ಕೆಟ್ಟಿದೆ ಎನಿಸುತ್ತದೆ. ಇಂಥ ಮೀಟರಿಗೆ ತನ್ನದೇ ಆದ ಶೇ 1ರಷ್ಟು ತಪ್ಪು ಇರಬಹುದಾದ್ದರಿಂದ ರೆಸಿಸ್ಟರ್ ನಿಜವಾಗಿಯೂ ಶೇ 1ರ ಒಳಗಿದೆಯೇ ಎಂದು ಅದರಿಂದ ತೀರ್ಮಾನಿಸಲಾಗದು. 220 ಓಮೋ 10 ಕಿಲೊಓಮೋ ಎಂದು ಹೇಳಲು ಮಾತ್ರ ಯಾವ ಮೀಟರಾದರೂ ಸಾಕು.

ಅಳೆಯುವಾಗ ಎರಡೂ ಕಡ್ಡಿಗಳನ್ನು ಬೆರಳಿನಿಂದ ಒತ್ತಿ ಹಿಡಿಯಬೇಡಿ. ನಿಮ್ಮ ಮೈಯ ರೋಧ 200 ಕಿಲೊಓಮ್ ಇದೆ ಎಂದುಕೊಂಡರೆ, ಅದು 10 ಕಿಲೊಓಮಿಗೆ ಸಮಾಂತರವಾಗಿ ಸೇರಿ ಮೀಟರ್ 9.52 ಎಂದು ತೋರಿಸುತ್ತದೆ, ಒಳ್ಳೆಯ ರೆಸಿಸ್ಟರ್ ಮಿತಿ ಮೀರಿದೆ ಎಂದು ನೀವು ಎಸೆಯುತ್ತೀರಿ. ಸರ್ಕ್ಯೂಟಿನಲ್ಲಿ ಕೂರಿಸಿದ್ದನ್ನು ಅಳೆಯುವುದಾದರೆ ಪವರ್ ತೆಗೆದು, ಒಂದು ಕಡ್ಡಿಯನ್ನಾದರೂ ಬ್ರೆಡ್‌ಬೋರ್ಡಿನಿಂದ ಬಿಡಿಸಿ. ಇಲ್ಲದಿದ್ದರೆ ಅಕ್ಕಪಕ್ಕದ ಭಾಗಗಳೂ ಲೆಕ್ಕಕ್ಕೆ ಸೇರುತ್ತವೆ.

ಹೊಸ ಕಿಟ್ ಬಂದಾಗ ರೆಸಿಸ್ಟರ್‌ಗಳು ಕಾಗದದ ಟೇಪಿಗೆ ಅಂಟಿಕೊಂಡು ಸಾಲಾಗಿ ಬರುತ್ತವೆ. ಅವುಗಳನ್ನು ಬಿಡಿಸಿ ಒಂದೇ ಡಬ್ಬಿಗೆ ಸುರಿಯುವ ಮೊದಲು ಪ್ರತಿ ಸಾಲಿನಿಂದ ಒಂದನ್ನು ಅಳೆದು, ಟೇಪಿನ ಅಂಚಿನಲ್ಲಿ ಬೆಲೆಯನ್ನು ಪೆನ್ನಿನಿಂದ ಬರೆದಿಡಿ. ಬೇಕಾದಾಗ ಒಂದೊಂದನ್ನೇ ಕತ್ತರಿಸಿಕೊಳ್ಳಿ.