ಶಿರಸಿಯಿಂದ ಫ್ರಾಂಕ್‌ಫರ್ಟ್‌ಗೆ, ನೂರಿಪ್ಪತ್ತು ಮಿಲಿಸೆಕೆಂಡಿನಲ್ಲಿ

ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ಎಂಜಿನಿಯರಿಂಗ್ ಮುಗಿಸಿದ ಹುಡುಗಿಯೊಬ್ಬಳು ಜರ್ಮನಿಯ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಲು ಮೊಬೈಲಿನಲ್ಲಿ ಅದರ ಪುಟ ತೆರೆಯುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಪುಟವಿರುವ ಸರ್ವರ್ ಫ್ರಾಂಕ್‌ಫರ್ಟ್‌ನಲ್ಲಿದೆ. ಅವಳು ಇಷ್ಟು ಹೊತ್ತು ನೋಡುತ್ತಿದ್ದ ಯೂಟ್ಯೂಬ್ ವಿಡಿಯೊ ಸಮುದ್ರ ದಾಟಿ ಬಂದದ್ದೇನಲ್ಲ. ಹೆಚ್ಚು ಜನ ನೋಡುವ ವಿಡಿಯೊಗಳ ಪ್ರತಿಯನ್ನು ಕಂಪನಿಗಳು ಭಾರತದೊಳಗಿನ ಸರ್ವರ್‌ಗಳಲ್ಲೇ ಇಟ್ಟಿರುತ್ತವೆ. ಈ ಅರ್ಜಿಯ ಪುಟಕ್ಕೆ ಮಾತ್ರ ಅಂಥ ಪ್ರತಿ ಇಲ್ಲ. ಅದನ್ನು ಜರ್ಮನಿಯಿಂದಲೇ ತರಿಸಬೇಕು.

ಅವಳು ಬೆರಳು ಒತ್ತಿದೊಡನೆ ಮೊಬೈಲಿನಿಂದ ಹೊರಟ ಕೋರಿಕೆ ರೇಡಿಯೊ ಅಲೆಯಾಗಿ ಹತ್ತಿರದ ಟವರ್ ಸೇರುತ್ತದೆ. ಇಡೀ ಪಯಣದಲ್ಲಿ ತಂತಿಯಿಲ್ಲದ ದಾರಿ ಹೆಚ್ಚೆಂದರೆ ಕೆಲವೇ ಕಿಲೋಮೀಟರ್. ಆದರೂ ಸಮಯದ ಲೆಕ್ಕದಲ್ಲಿ ಈ ತುಂಡು ದುಬಾರಿ. ಒಂದೇ ಟವರನ್ನು ನೂರಾರು ಫೋನುಗಳು ಹಂಚಿಕೊಳ್ಳಬೇಕು, ಪ್ರತಿ ಫೋನೂ ತನ್ನ ಸರದಿಗೆ ಕಾಯಬೇಕು. 4ಜಿಯಲ್ಲಿ ಹೋಗಿಬರಲು ಇಲ್ಲಿಯೇ ಮೂವತ್ತರಿಂದ ಐವತ್ತು ಮಿಲಿಸೆಕೆಂಡ್ ಖರ್ಚಾಗುತ್ತದೆ. ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗೆ ಒಂದು ಮಿಲಿಸೆಕೆಂಡ್.

ಟವರಿನಿಂದ ಮುಂದಕ್ಕೆ ಎರಡು ಬಗೆಯ ದಾರಿಗಳಿವೆ. ಮಲೆನಾಡಿನಲ್ಲಿ ಎಷ್ಟೋ ಕಡೆ ಟವರಿನ ಮೇಲಿರುವ ಬಿಳಿ ಡಿಶ್ ಎದುರಿನ ಗುಡ್ಡದ ಇನ್ನೊಂದು ಡಿಶ್‌ಗೆ ಮೈಕ್ರೊವೇವ್‌ನಲ್ಲಿ ಮಾತು ದಾಟಿಸುತ್ತದೆ. ಇಲ್ಲವಾದರೆ ರಸ್ತೆಯ ಬದಿಯಲ್ಲಿ ಹೂತ ಫೈಬರ್ ಇರುತ್ತದೆ. ರಸ್ತೆ ಅಗಲಿಸುವಾಗ ಜೆಸಿಬಿ ಕಿತ್ತುಹಾಕುವುದು ಇದನ್ನೇ. ಟವರ್ ಎದುರಿಗೇ ಇದ್ದು, ಫೋನಿನಲ್ಲಿ ಎಲ್ಲ ಗೆರೆಗಳೂ ತುಂಬಿದ್ದು, ಆದರೂ ನೆಟ್ ಬಾರದ ದಿನಗಳಿರುತ್ತವಲ್ಲ? ಆ ಗೆರೆಗಳು ಫೋನಿನಿಂದ ಟವರಿನವರೆಗಿನ ಸಂಗತಿಯನ್ನಷ್ಟೇ ಹೇಳುತ್ತವೆ. ಟವರಿನ ಬೆನ್ನ ಹಿಂದೆ ಏನಾಗಿದೆ ಎಂಬುದು ಅವಕ್ಕೆ ಗೊತ್ತಿಲ್ಲ.

ಇಷ್ಟಾದರೂ ಕೋರಿಕೆ ಇನ್ನೂ ಇಂಟರ್ನೆಟ್ಟಿಗೆ ಕಾಲಿಟ್ಟಿಲ್ಲ. ಮೊದಲು ಅದು ಮೊಬೈಲ್ ಕಂಪನಿಯ ಗೇಟ್‌ವೇ ತಲುಪಬೇಕು. ಸಿಮ್ ಯಾರದು, ಡೇಟಾ ಎಷ್ಟು ಖರ್ಚಾಯಿತು ಎಂದು ಎಣಿಸಿ ಹೊರಜಗತ್ತಿಗೆ ಬಿಡುವ ಬಾಗಿಲು ಅದು. ಇಂಥವು ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಇರುತ್ತವೆ. ಹೀಗಾಗಿ ಮುಂಬೈಗೆ ಹೋಗಬೇಕಾದ ಕೋರಿಕೆ ಮೊದಲು ನಾನೂರು ಕಿಲೋಮೀಟರ್ ಆಗ್ನೇಯಕ್ಕೆ ಬೆಂಗಳೂರಿಗೆ ಇಳಿದು, ಅಲ್ಲಿಂದ ಮತ್ತೆ ಸಾವಿರ ಕಿಲೋಮೀಟರ್ ವಾಯವ್ಯಕ್ಕೆ ಹೊರಳುವುದುಂಟು. ಭೂಪಟ ನೋಡಿದವರಿಗೆ ಇದು ಹುಚ್ಚಾಟ. ಬೆಳಕಿಗೆ ಏಳು ಮಿಲಿಸೆಕೆಂಡಿನ ಕೆಲಸ.

ಫೈಬರಿನ ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬಯಲಿನಲ್ಲಿ ಇರುವ ವೇಗ 3 ಲಕ್ಷ. ಗಾಜು ಮೂರರಲ್ಲಿ ಒಂದು ಪಾಲು ಕಸಿದುಕೊಳ್ಳುತ್ತದೆ. ಅಂದರೆ ಇನ್ನೂರು ಕಿಲೋಮೀಟರಿಗೆ ಒಂದು ಮಿಲಿಸೆಕೆಂಡ್. ಈ ಒಂದು ಲೆಕ್ಕ ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಮುಂಬೈಯ ಕಡಲಂಚಿನಲ್ಲಿ ಕೇಬಲ್ ಲ್ಯಾಂಡಿಂಗ್ ಸ್ಟೇಷನ್‌ಗಳಿವೆ. 2022ರ ಕೊನೆಯ ಹೊತ್ತಿಗೆ ಭಾರತಕ್ಕೆ 17 ಅಂತರರಾಷ್ಟ್ರೀಯ ಕೇಬಲ್‌ಗಳು ಬಂದು ಮುಟ್ಟುತ್ತಿದ್ದವು. ಅವು ದಡ ಸೇರುತ್ತಿದ್ದುದು ಮುಂಬೈ, ಚೆನ್ನೈ, ಕೊಚ್ಚಿ, ತೂತ್ತುಕುಡಿ, ತಿರುವನಂತಪುರಗಳಲ್ಲಿ. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿಯಲ್ಲಿ ಒಂದೂ ಇರಲಿಲ್ಲ. ಸಮುದ್ರದ ಪಕ್ಕದ ಜಿಲ್ಲೆಯ ಹುಡುಗಿಯ ಕೋರಿಕೆ ಸಮುದ್ರಕ್ಕಿಳಿಯಲು ಮುಂಬೈವರೆಗೆ ಹೋಗಬೇಕಾದದ್ದು ಇದರಿಂದಲೇ.

ಆಳ ಸಮುದ್ರದಲ್ಲಿ ಮಲಗಿರುವ ಕೇಬಲ್ ತೋಟಕ್ಕೆ ನೀರು ಬಿಡುವ ಪೈಪಿಗಿಂತ ದಪ್ಪವಿಲ್ಲ. ಒಳಗೆ ಕೂದಲೆಳೆಯ ಗಾಜಿನ ನಾರುಗಳು, ಅವುಗಳ ಸುತ್ತ ಉಕ್ಕಿನ ತಂತಿ, ತಾಮ್ರದ ಕವಚ, ಹೊರಗೆ ಪಾಲಿಥೀನ್. ದಡದ ಹತ್ತಿರ ಲಂಗರು ಮತ್ತು ಮೀನುಬಲೆಗಳ ಭಯವಿರುವುದರಿಂದ ಅಲ್ಲಿ ಇನ್ನಷ್ಟು ಉಕ್ಕು ಸುತ್ತಿ, ನೆಲ ಉತ್ತು ಹೂಳುತ್ತಾರೆ. ತಾಮ್ರ ಯಾಕೆ ಬೇಕು? ಗಾಜು ಎಷ್ಟೇ ಶುದ್ಧವಾಗಿದ್ದರೂ ಎಂಬತ್ತು ಕಿಲೋಮೀಟರ್ ಸಾಗುವಷ್ಟರಲ್ಲಿ ಬೆಳಕು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಆದ್ದರಿಂದ ಅಷ್ಟಷ್ಟು ದೂರಕ್ಕೆ ಒಂದೊಂದು ರಿಪೀಟರ್ ಕೂರಿಸಿರುತ್ತಾರೆ. ಅದರೊಳಗೆ ಎರ್ಬಿಯಂ ಬೆರೆಸಿದ ಫೈಬರಿನ ತುಂಡಿದೆ. ಅದಕ್ಕೆ ಲೇಸರ್ ಹಾಯಿಸಿದಾಗ, ಹಾದುಹೋಗುವ ಮಂಕು ಬೆಳಕು ವಿದ್ಯುತ್ತಾಗಿ ಮಾರ್ಪಡದೆ ಬೆಳಕಾಗಿಯೇ ಪ್ರಬಲವಾಗುತ್ತದೆ. ಆ ಲೇಸರಿಗೆ ಕರೆಂಟು ಬೇಕು. ದಡದಿಂದ ಸಾವಿರಾರು ವೋಲ್ಟಿನಲ್ಲಿ ಅದನ್ನು ಒಯ್ಯುವುದು ತಾಮ್ರದ ಕೆಲಸ.

ಅರಬ್ಬಿ ಸಮುದ್ರ ದಾಟಿ ಕೆಂಪು ಸಮುದ್ರ, ಅಲ್ಲಿಂದ ಈಜಿಪ್ಟಿನ ನೆಲದ ಮೇಲೆ ಅಲೆಕ್ಸಾಂಡ್ರಿಯಾ ಕಡೆಗೆ, ಮೆಡಿಟರೇನಿಯನ್ ಹಾಯ್ದು ಫ್ರಾನ್ಸಿನ ಮಾರ್ಸೇ, ಕೊನೆಗೆ ನೆಲದ ಫೈಬರಿನಲ್ಲಿ ಫ್ರಾಂಕ್‌ಫರ್ಟ್. ಹಳ್ಳಿಯಿಂದ ಲೆಕ್ಕ ಹಾಕಿದರೆ ಸುಮಾರು 12,000 ಕಿಲೋಮೀಟರ್. ಹೋಗಲು 60, ಬರಲು 60, ಒಟ್ಟು 120 ಮಿಲಿಸೆಕೆಂಡ್. ಟವರಿನ ಪಾಲು ಸೇರಿದರೆ 160 ಎನ್ನಿ. ಆದರೆ ಒಂದೇ ಸಲದ ಓಡಾಟದಲ್ಲಿ ಪುಟ ಬರುವುದಿಲ್ಲ. ಸಂಪರ್ಕ ಕುದುರಿಸಲು ಒಂದು ಸುತ್ತು, ಗುಪ್ತ ಕೀಲಿ ಒಪ್ಪಿಸಿಕೊಳ್ಳಲು ಇನ್ನೊಂದು, ಪುಟ ಕೇಳಿ ಪಡೆಯಲು ಮತ್ತೊಂದು. ಮೊದಲ ಅಕ್ಷರ ಕಾಣುವ ಹೊತ್ತಿಗೆ ಅರ್ಧ ಸೆಕೆಂಡ್ ಕಳೆದಿರುತ್ತದೆ. ದುಬಾರಿ ಪ್ಲಾನ್ ಹಾಕಿಸಿದರೂ ಇದರಲ್ಲಿ ದೊಡ್ಡ ಪಾಲು ಕಡಿಮೆಯಾಗದು.

ಈ ದಾರಿಯ ಕುತ್ತಿಗೆ ಕೆಂಪು ಸಮುದ್ರ. ಏಷ್ಯಾ ಮತ್ತು ಯುರೋಪಿನ ನಡುವಿನ ಬಹುಪಾಲು ಕೇಬಲ್‌ಗಳು ಆ ಇಕ್ಕಟ್ಟಿನಲ್ಲೇ ಸಾಗಬೇಕು. 2025ರ ಸೆಪ್ಟೆಂಬರ್ 6ರಂದು ಜೆಡ್ಡಾ ಬಳಿ ಸೀ-ಮಿ-ವಿ 4, ಐಮೀವಿ ಮೊದಲಾದ ಕೇಬಲ್‌ಗಳು ತುಂಡಾದವು. ಹಡಗೊಂದರ ಲಂಗರು ಎಳೆದದ್ದೇ ಕಾರಣವಿರಬೇಕು ಎಂದರು ತಜ್ಞರು. ಭಾರತ, ಪಾಕಿಸ್ತಾನ, ಕೊಲ್ಲಿ ದೇಶಗಳಲ್ಲಿ ನೆಟ್ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ರೂಟರ್‌ಗಳು ಬೇರೆ ದಾರಿ ಹಿಡಿದವು. ಉಳಿದ ಕೇಬಲ್‌ಗಳು ಕಿಕ್ಕಿರಿದವು. ಹೀಗಾದಾಗ ಒಂದಿಷ್ಟು ಕೋರಿಕೆಗಳು ಸಿಂಗಪುರ, ಶಾಂತಸಾಗರ, ಅಮೆರಿಕ, ಅಟ್ಲಾಂಟಿಕ್ ಎಂದು ಭೂಮಿಗೇ ಪ್ರದಕ್ಷಿಣೆ ಹಾಕಿ ಯುರೋಪ್ ಸೇರುತ್ತವೆ. 30,000 ಕಿಲೋಮೀಟರ್ ದಾಟಿದ ಆ ಸುತ್ತಿಗೆ ಹೋಗಿಬರಲು 300 ಮಿಲಿಸೆಕೆಂಡ್ ಮೀರುತ್ತದೆ.

ತುಂಡಾದ ಜಾಗ ಹುಡುಕುವುದೂ ಅದೇ ಲೆಕ್ಕದಿಂದ. ದಡದಿಂದ ಬೆಳಕಿನ ಒಂದು ಮಿಡಿತ ಕಳಿಸಿ, ಒಳಗಿನಿಂದ ಹಿಂದಕ್ಕೆ ಚದುರಿ ಬರುವ ಅದರ ಪ್ರತಿಧ್ವನಿಯನ್ನು ಆಲಿಸುತ್ತಾರೆ. ಮೂರು ಮಿಲಿಸೆಕೆಂಡಿನ ಬಳಿಕ ಅದು ಥಟ್ಟನೆ ನಿಂತಿತೆಂದರೆ, ಹೋಗಿಬಂದದ್ದು 600 ಕಿಲೋಮೀಟರ್, ಕಡಿತವಿರುವುದು 300ರಲ್ಲಿ. ಆಮೇಲೆ ಹಡಗು ಹೋಗಿ ಕೊಕ್ಕೆ ಇಳಿಸಿ, ತುದಿಗಳನ್ನು ಮೇಲೆತ್ತಿ, ಹೊಸ ತುಂಡು ಸೇರಿಸಿ ಬೆಸೆಯಬೇಕು. ಬೆಸುಗೆ ಕೆಲವು ದಿನಗಳ ಕೆಲಸ. ಹಡಗು ಬರಲು ಮತ್ತು ಆ ದೇಶದ ಅನುಮತಿ ಸಿಗಲು ವಾರಗಳೇ ಹಿಡಿಯಬಹುದು.

ನಿಮ್ಮ ಫೋನಿನಲ್ಲೂ ಇದನ್ನು ಪರೀಕ್ಷಿಸಬಹುದು. ಪಿಂಗ್ ಅಳೆಯುವ ಆ್ಯಪ್ ಹಾಕಿಕೊಂಡು ಒಂದು ಭಾರತದ ಸರ್ವರನ್ನೂ ಒಂದು ಯುರೋಪಿನ ಸರ್ವರನ್ನೂ ಕೇಳಿ. ಎರಡೂ ನಿಧಾನವಾಗಿದ್ದರೆ ದೋಷ ಟವರಿನಲ್ಲೋ ಅದರ ಹಿಂದಿನ ಫೈಬರಿನಲ್ಲೋ ಇರುತ್ತದೆ. ಮೊಬೈಲ್ ಕಂಪನಿಗೆ ದೂರು ಕೊಡಿ. ಭಾರತದ್ದು ಚುರುಕಾಗಿದ್ದು ಯುರೋಪಿನದು 300 ದಾಟಿದರೆ ಕಡಲಿನಾಚೆ ಏನೋ ಆಗಿರುವ ಸಾಧ್ಯತೆ ಹೆಚ್ಚು. ಇನ್ನು ಜರ್ಮನಿಯದೆಂದು ಹೇಳಿಕೊಳ್ಳುವ ಪುಟ 60 ಮಿಲಿಸೆಕೆಂಡಿನಲ್ಲಿ ಉತ್ತರ ಕೊಟ್ಟಿತೇ? ಶಿರಸಿಯಿಂದ ಫ್ರಾಂಕ್‌ಫರ್ಟ್‌ಗೆ ನೇರ ಗೆರೆ ಎಳೆದರೂ 7,000 ಕಿಲೋಮೀಟರ್. ಅಷ್ಟು ಬೇಗ ಫೈಬರಿನಲ್ಲಿ ಹೋಗಿಬರಲು ಬೆಳಕಿಗೇ ಸಾಧ್ಯವಿಲ್ಲ. ಆ ಉತ್ತರ ಬಂದದ್ದು ಭಾರತದಲ್ಲೋ ಹತ್ತಿರದ ದೇಶದಲ್ಲೋ ಇಟ್ಟ ಪ್ರತಿಯಿಂದ.