ಅಂಗಡಿಯ ಕೈಗೆ ಸಿಗದ ಕಾರ್ಡ್ ಸಂಖ್ಯೆ

ಆನ್‌ಲೈನ್ ಅಂಗಡಿಯಲ್ಲಿ ಹಣ ಕಟ್ಟಲು ಹೋದರೆ ನಿಮ್ಮ ಬ್ಯಾಂಕಿನ ಹೆಸರು, ಅದರ ಪಕ್ಕದಲ್ಲಿ ಕಾರ್ಡಿನ ಕೊನೆಯ ನಾಲ್ಕು ಅಂಕಿ ಕಾಣುತ್ತವೆ. ಉಳಿದ ಅಂಕಿಗಳನ್ನು ಅಂಗಡಿಯವರು ಮರೆಮಾಡಿ ಇಟ್ಟುಕೊಂಡಿದ್ದಾರೆ ಎಂದು ಹಲವರು ತಿಳಿದಿದ್ದಾರೆ. ಅಸಲಿಗೆ ಅವು ಅಂಗಡಿಯವರ ಬಳಿ ಇರುವುದೇ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮ 2022ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಅದರ ಪ್ರಕಾರ ಪೂರ್ತಿ ಸಂಖ್ಯೆಯನ್ನು ಉಳಿಸಿಡಬಹುದಾದವರು ಕಾರ್ಡ್ ಕೊಟ್ಟ ಬ್ಯಾಂಕು ಮತ್ತು ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಕಾರ್ಡ್ ಜಾಲಗಳು ಮಾತ್ರ.

ಓಟಿಪಿ ಇರುವಾಗ ಸಂಖ್ಯೆ ಸೋರಿದರೇನು ಎಂದು ಕೇಳಬಹುದು. ದೇಶದೊಳಗಿನ ಆನ್‌ಲೈನ್ ಖರೀದಿಗೆ ಓಟಿಪಿಯ ಕಾವಲು ಉಂಟು, ನಿಜ. ಆದರೆ ಹಲವು ವಿದೇಶಿ ತಾಣಗಳು ಅದನ್ನು ಕೇಳುವುದಿಲ್ಲ. ಇಲ್ಲಿನ ಅಂಗಡಿಯಿಂದ ಕದ್ದ ಕಾರ್ಡ್ ವಿವರವನ್ನು ಅಲ್ಲಿ ಬಳಸಲು ಸಾಧ್ಯ. ಜೊತೆಗೆ, ಹತ್ತು ಕಡೆ ಒಂದೇ ಸಂಖ್ಯೆ ಉಳಿದಿದ್ದರೆ ಎಲ್ಲಕ್ಕಿಂತ ದುರ್ಬಲವಾದ ತಾಣದ ಭದ್ರತೆಯೇ ನಿಮ್ಮ ಕಾರ್ಡಿನ ಭದ್ರತೆಯಾಗುತ್ತದೆ.

ಟೋಕನ್ ಈ ಕೊಂಡಿಯನ್ನು ಕತ್ತರಿಸುತ್ತದೆ. ಕಾರ್ಡ್ ಉಳಿಸಲು ಒಪ್ಪಿ ನೀವು ಓಟಿಪಿ ಹಾಕಿದಾಗ ಕಾರ್ಡ್ ಜಾಲ ಅಥವಾ ಬ್ಯಾಂಕು ನಿಜವಾದ ಸಂಖ್ಯೆಯ ಬದಲಿಗೆ ಬೇರೊಂದು ಸಂಖ್ಯೆಯನ್ನು ಸೃಷ್ಟಿಸುತ್ತದೆ. ಅದು ಆ ಕಾರ್ಡಿಗೂ ಆ ಅಂಗಡಿಗೂ ಮಾತ್ರ ಕಟ್ಟುಬಿದ್ದ ಸಂಖ್ಯೆ. ಮುಂದಿನ ಸಲ ಅಂಗಡಿಯವರು ಈ ಟೋಕನ್ ಕಳಿಸುತ್ತಾರೆ. ಇದು ಯಾರ ಕಾರ್ಡು ಎಂದು ಬಿಡಿಸಿ ನೋಡುವ ಕೆಲಸ ಟೋಕನ್ ಕೊಟ್ಟವರದ್ದು. ಈ ಸೌಲಭ್ಯಕ್ಕೆ ಗ್ರಾಹಕರು ಶುಲ್ಕ ಕೊಡಬೇಕಿಲ್ಲ. ಇದು ಕಡ್ಡಾಯವೂ ಅಲ್ಲ. ಬೇಡವೆನಿಸಿದರೆ ಪ್ರತಿ ಸಲವೂ ಕಾರ್ಡ್ ಸಂಖ್ಯೆಯನ್ನು ಟೈಪ್ ಮಾಡಬಹುದು.

ಒಬ್ಬರು ಒಂದೇ ಕ್ರೆಡಿಟ್ ಕಾರ್ಡನ್ನು ಬಟ್ಟೆ ಅಂಗಡಿ, ದಿನಸಿ ಆ್ಯಪ್ ಮತ್ತು ಬಸ್ ಟಿಕೆಟ್ ತಾಣದಲ್ಲಿ ಉಳಿಸಿದ್ದಾರೆ ಎನ್ನಿ. ಕಾರ್ಡ್ ಒಂದೇ ಆದರೂ ಟೋಕನ್ ಮೂರು. ಬಸ್ ಟಿಕೆಟ್ ತಾಣದ ದತ್ತಾಂಶ ಕಳವಾದರೆ ಕಳ್ಳನಿಗೆ ಸಿಗುವುದು ಆ ತಾಣದ ಟೋಕನ್. ಅದನ್ನು ದಿನಸಿ ಆ್ಯಪ್‌ನಲ್ಲಾಗಲಿ ವಿದೇಶಿ ತಾಣದಲ್ಲಾಗಲಿ ಬಳಸಲು ಬರುವುದಿಲ್ಲ. ಕಾರ್ಡಿನ ಮಾಲೀಕರು ಆ ಒಂದು ಟೋಕನ್ ತೆಗೆದುಹಾಕಿದರೆ ಸಾಕು, ಕಾರ್ಡ್ ಬದಲಿಸಬೇಕಿಲ್ಲ. ಪರ್ಸ್ ಕಳೆದಾಗ ಮಾತ್ರ ಲೆಕ್ಕ ಬೇರೆ. ಆಗ ಕಾರ್ಡನ್ನೇ ಬ್ಲಾಕ್ ಮಾಡಿಸಬೇಕು. ಟೋಕನ್ ಅಳಿಸುವುದರಿಂದ ಕಾರ್ಡ್ ಬ್ಲಾಕ್ ಆಗುವುದಿಲ್ಲ. ಹೊಸ ಕಾರ್ಡ್ ಬಂದ ಮೇಲೆ ಅದನ್ನು ಅಂಗಡಿಗಳಿಗೆ ಜೋಡಿಸಲು ನಿಮ್ಮ ಒಪ್ಪಿಗೆಯನ್ನು ಹೊಸದಾಗಿ ಪಡೆಯಬೇಕು. ಹಳೆಯದು ಉಳಿಸಿದ್ದರೂ ಅಂಗಡಿಯ ಪುಟ ಮತ್ತೆ ಕಾರ್ಡ್ ವಿವರ ಕೇಳಲು ಇದೇ ಕಾರಣ.

ಉಳಿಸಿದ ಕಾರ್ಡನ್ನು ಎರಡು ಕಡೆಯಿಂದ ತೆಗೆಯಬಹುದು. ಅಂಗಡಿಯ ಆ್ಯಪ್‌ನಲ್ಲಿ ಪಾವತಿ ವಿಭಾಗಕ್ಕೆ ಹೋಗಿ ಕಾರ್ಡ್ ಅಳಿಸುವುದು ಒಂದು ದಾರಿ. ಆದರೆ ಯಾವತ್ತೋ ಒಮ್ಮೆ ಬಳಸಿ ಮರೆತ ತಾಣದ ಪಾಸ್‌ವರ್ಡ್ ಯಾರಿಗೆ ನೆನಪಿರುತ್ತದೆ? ಅದಕ್ಕೇ ಬ್ಯಾಂಕಿನ ದಾರಿ ಮೇಲು. ಕಾರ್ಡ್ ಎಲ್ಲೆಲ್ಲಿ ಟೋಕನ್ ಆಗಿದೆ ಎಂಬ ಪಟ್ಟಿಯನ್ನು ತೋರಿಸಿ, ಬೇಡವಾದದ್ದನ್ನು ತೆಗೆಯುವ ಸೌಲಭ್ಯವನ್ನು ಬ್ಯಾಂಕು ಕೊಡಲೇಬೇಕು. ಮೊಬೈಲ್ ಆ್ಯಪ್ ಅಥವಾ ನೆಟ್ ಬ್ಯಾಂಕಿಂಗ್‌ನ ಕಾರ್ಡ್ ವಿಭಾಗದಲ್ಲಿ ಟೋಕನ್ ಎಂಬ ಆಯ್ಕೆಯನ್ನು ಹುಡುಕಿ. ಸಿಗದಿದ್ದರೆ ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ ಅಥವಾ ಶಾಖೆಯಲ್ಲಿ ವಿಚಾರಿಸಿ. ಅಳಿಸುವ ಮುನ್ನ ಒಂದನ್ನು ನೋಡಿಕೊಳ್ಳಿ: ಸಿನಿಮಾ ಆ್ಯಪ್‌ನ ಚಂದಾ, ವಿಮೆಯ ಕಂತಿನಂಥ ತಾನಾಗಿ ಕಡಿತವಾಗುವ ಪಾವತಿ ಆ ಕಾರ್ಡಿನ ಮೇಲೆ ಇದ್ದರೆ ಅದು ನಿಂತುಹೋಗಬಹುದು.

ಟೋಕನ್‌ಗೆ ಮಿತಿಗಳಿವೆ. ಈ ನಿಯಮ ದೇಶದೊಳಗಿನ ವಹಿವಾಟಿಗೆ ಸಂಬಂಧಿಸಿದ್ದು. ವಿದೇಶಿ ತಾಣಕ್ಕೆ ಕೊಟ್ಟ ಸಂಖ್ಯೆ ಅಲ್ಲೇ ಉಳಿಯಬಹುದು. ಹೊರದೇಶದ ಖರೀದಿ ಇಲ್ಲದವರು ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಆಫ್ ಮಾಡಿಡುವುದು ಒಳ್ಳೆಯದು. ನಕಲಿ ಪುಟದಲ್ಲಿ ನೀವೇ ಸಂಖ್ಯೆ, ಸಿವಿವಿ, ಓಟಿಪಿ ತುಂಬಿದರೂ ಟೋಕನ್ ಕಾಪಾಡಲಾರದು. ಬ್ಯಾಂಕಿನ ಪಟ್ಟಿಯನ್ನು ಆಗಾಗ ನೋಡುವುದರ ನಿಜವಾದ ಪ್ರಯೋಜನ ಇರುವುದು ಇಲ್ಲೇ. ಓಟಿಪಿ ಇಲ್ಲದೆ ಟೋಕನ್ ಹುಟ್ಟುವುದಿಲ್ಲವಾದ್ದರಿಂದ ಗೊತ್ತಿಲ್ಲದ ಅಂಗಡಿಯ ಹೆಸರು ಅಲ್ಲಿ ಕಂಡರೆ ಮೊದಲು ಮನೆಯವರನ್ನು ಕೇಳಿ. ಅವರೂ ಅಲ್ಲವೆಂದರೆ ನಿಮ್ಮ ಓಟಿಪಿ ಯಾರದೋ ಕೈ ಸೇರಿದೆ ಎಂದೇ ಭಾವಿಸಬೇಕು. ಕೂಡಲೇ ಕಾರ್ಡ್ ಬ್ಲಾಕ್ ಮಾಡಿಸಿ, ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ.